ಜೋಹಾನ್ಸ್‌ಬರ್ಗಿನ ಬೆರಳ ಸನ್ನೆ

ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರದ ಯಾವುದಾದರೊಂದು ದೊಡ್ಡ ರಸ್ತೆಯ ಅಂಚಿನಲ್ಲಿ ಮುಂಜಾನೆಯ ಹೊತ್ತು ನಿಂತು ನೋಡುವ ಪರಸ್ಥಳದವನಿಗೆ, ಅಲ್ಲಲ್ಲಿ ಒಬ್ಬೊಬ್ಬರೇ ನಿಂತು ಕೈಚಾಚಿದ ಜನರು ವಿಚಿತ್ರವಾಗಿ ಕಾಣುತ್ತಾರೆ. ಒಬ್ಬನು ತೋರುಬೆರಳನ್ನು ಆಕಾಶದತ್ತ ಎತ್ತಿ ಹಿಡಿದಿದ್ದಾನೆ. ಅವನಿಂದ ಹತ್ತು ಮಾರು ದೂರದಲ್ಲಿ ನಿಂತ ಹೆಂಗಸು ಅದೇ ಬೆರಳನ್ನು ನೆಲದತ್ತ ಇಳಿಬಿಟ್ಟಿದ್ದಾಳೆ. ಮತ್ತೊಬ್ಬನು ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ, ಇಲ್ಲದ ಹಣ್ಣೊಂದನ್ನು ಹಿಡಿದಿರುವವನಂತೆ ನಿಂತಿದ್ದಾನೆ. ಇವರ ಮುಂದೆ ಬಿಳಿಯ ಬಣ್ಣದ ಸಣ್ಣ ಬಸ್ಸುಗಳು ಒಂದರ ಹಿಂದೊಂದು ಹಾದುಹೋಗುತ್ತವೆ. ಅವುಗಳ ಹಣೆಯ ಮೇಲೆ ಸಂಖ್ಯೆಯಿಲ್ಲ, ಊರಿನ ಹೆಸರಿಲ್ಲ. ಅವು ಬರುವ ವೇಳೆಯನ್ನು ಬರೆದ ಹಲಗೆಯೂ ಎಲ್ಲಿಯೂ ಇಲ್ಲ. ಆದರೂ ಪ್ರತಿಯೊಬ್ಬನ ಮುಂದೆಯೂ ಅವನಿಗೆ ಬೇಕಾದ ಗಾಡಿಯೇ ನಿಲ್ಲುತ್ತದೆ, ಬೇಡವಾದದ್ದು ಅವನನ್ನು ತಿರುಗಿಯೂ ನೋಡದೆ ಮುಂದಕ್ಕೆ ಹೋಗುತ್ತದೆ.

ಮಿನಿಬಸ್ ಟ್ಯಾಕ್ಸಿ ಎಂಬ ಹೆಸರಿನ ಈ ವಾಹನಗಳಲ್ಲಿ ಹೆಚ್ಚಿನವು ಟೊಯೊಟಾ ಕಂಪನಿಯವು. ಚಾಲಕನನ್ನೂ ಸೇರಿಸಿ ಹದಿನಾರು ಮಂದಿಗೆ ಸ್ಥಳವಿರುವಂಥವು. ವರ್ಣಭೇದದ ಆಳ್ವಿಕೆಯು ಕಪ್ಪು ಜನರನ್ನು ನಗರದ ನಡುವಿನಿಂದ ಕಿತ್ತು ಸೊವೆಟೊದಂತಹ ದೂರದ ವಸತಿಗಳಿಗೆ ಅಟ್ಟಿದಾಗ, ದುಡಿಮೆಯ ಸ್ಥಳಕ್ಕೂ ಮನೆಗೂ ನಡುವೆ ಉಂಟಾದ ಅಂತರವನ್ನು ಸರ್ಕಾರದ ರೈಲು ಬಸ್ಸುಗಳು ತುಂಬಲಾರದೆ ಹೋದುವು. ಆ ಕೊರತೆಯನ್ನು ಪರವಾನಗಿ ಇದ್ದೂ ಇಲ್ಲದೆಯೂ ತುಂಬಿದವರು ಕಪ್ಪು ಜನರದೇ ಸಣ್ಣ ವಾಹನಗಳ ಒಡೆಯರು. 1988ರ ಕಾನೂನು ನಿರ್ಬಂಧಗಳನ್ನು ಸಡಿಲಿಸಿದ ಮೇಲೆ ಹದಿನಾರು ಆಸನದ ಮಿನಿಬಸ್ಸು ನಿರ್ಭಯವಾಗಿ ರಸ್ತೆಗಿಳಿಯಿತು. ಅದರ ವೇಗವನ್ನು ಕಂಡ ಜನ, ಬರಿಗಾಲಿನಲ್ಲಿ ಓಡಿ ಪ್ರಸಿದ್ಧಳಾದ ಆ ನಾಡಿನ ಓಟಗಾರ್ತಿ ಜೋಲಾ ಬಡ್‌ಳ ಹೆಸರನ್ನೇ ಅದಕ್ಕೆ ಇಟ್ಟರು. ಯಾವ ಇಲಾಖೆಯೂ ಯೋಜಿಸದೆ ಬೆಳೆದ ವ್ಯವಸ್ಥೆಯಾದುದರಿಂದ ಸಂಖ್ಯೆ ಕೊಡುವವರಾಗಲಿ ವೇಳಾಪಟ್ಟಿ ಬರೆಯುವವರಾಗಲಿ ಇರಲಿಲ್ಲ. ಆ ಕೆಲಸವನ್ನು ಪ್ರಯಾಣಿಕನ ಕೈಯೇ ವಹಿಸಿಕೊಂಡಿತೆಂದು ನನಗೆ ತೋರುತ್ತದೆ.

ಹೀಗೆಂದ ಮಾತ್ರಕ್ಕೆ ಮಾರ್ಗಗಳು ಅನಿಶ್ಚಿತವೆಂದು ತಿಳಿಯಬಾರದು. ಪ್ರತಿಯೊಂದು ಮಾರ್ಗವೂ ಒಂದಲ್ಲ ಒಂದು ಟ್ಯಾಕ್ಸಿ ಮಾಲೀಕರ ಸಂಘದ ಸ್ವತ್ತೆಂಬಂತೆ ನಡೆಯುತ್ತದೆ. ಒಂದು ಸಂಘದ ಗಾಡಿ ಇನ್ನೊಂದರ ಮಾರ್ಗದಲ್ಲಿ ಜನರನ್ನು ಹತ್ತಿಸಿಕೊಂಡರೆ ಕಲಹ ಖಂಡಿತ, ಅಂತಹ ಕಲಹಗಳಲ್ಲಿ ರಕ್ತ ಹರಿದದ್ದೂ ಉಂಟು. ಚಾಲಕನಾದರೋ ಒಡೆಯನಿಗೆ ಗೊತ್ತುಮಾಡಿದ ಹಣವನ್ನು ಒಪ್ಪಿಸಿ ಉಳಿದುದನ್ನು ತಾನಿಟ್ಟುಕೊಳ್ಳುವ ಕ್ರಮವೇ ಬಹುಮಟ್ಟಿಗೆ ರೂಢಿಯಲ್ಲಿರುವುದರಿಂದ, ಒಂದು ಆಸನ ಖಾಲಿಯಿದ್ದರೂ ಅದು ಅವನ ಸ್ವಂತ ನಷ್ಟ. ನಿಲ್ದಾಣದಲ್ಲಿ ಗಾಡಿ ತುಂಬುವವರೆಗೆ ಹೊರಡದಿರುವುದಕ್ಕೂ, ದಾರಿಯಲ್ಲಿ ಒಬ್ಬ ಇಳಿದೊಡನೆ ಹಾರ್ನ್ ಬಾರಿಸುತ್ತ ಇನ್ನೊಬ್ಬನನ್ನು ಅರಸುವುದಕ್ಕೂ ಇದೇ ಕಾರಣ. ವೇಳಾಪಟ್ಟಿಯ ಬದಲಿಗೆ ಇಲ್ಲಿರುವುದು ಈ ಲೆಕ್ಕಾಚಾರವೇ. ಬೆಳಗ್ಗೆ ಸಂಜೆ ನಿಮಿಷಕ್ಕೊಂದು ಗಾಡಿ ಬಂದರೂ, ಮಧ್ಯಾಹ್ನದ ಬಿಡುವಿನಲ್ಲಿ ನಿಲ್ದಾಣದ ಗಾಡಿಯೊಳಗೆ ಕುಳಿತು ಬೆವರುವುದು ಅನಿವಾರ್ಯ.

ಈಗ ಸೊವೆಟೊದ ನಿವಾಸಿಯೊಬ್ಬನು ನಗರದ ಉತ್ತರಕ್ಕಿರುವ ಫೋರ್‌ವೇಸ್ ಎಂಬ ಬಡಾವಣೆಗೆ ಕೆಲಸಕ್ಕೆ ಹೋಗಬೇಕಾಗಿದೆಯೆಂದು ಭಾವಿಸೋಣ. ಮೊದಲು ಅವನು ನಗರದ ಮಧ್ಯಭಾಗವನ್ನು ಸೇರಬೇಕು. ಅದರ ಸಂಜ್ಞೆ, ಮೇಲಕ್ಕೆತ್ತಿದ ತೋರುಬೆರಳು. ಇದೇ ಬೆರಳು ಪ್ರಿಟೋರಿಯಾದ ಹೊರವಲಯದಲ್ಲಿ ಪ್ರಿಟೋರಿಯಾವನ್ನು ಸೂಚಿಸುತ್ತದೆಯಲ್ಲದೆ ಜೋಹಾನ್ಸ್‌ಬರ್ಗನ್ನಲ್ಲ; ಅಂದರೆ ಸಂಜ್ಞೆಯನ್ನು ಓದುವಾಗ, ಅದನ್ನು ತೋರಿಸುವವನು ಎಲ್ಲಿ ನಿಂತಿದ್ದಾನೆ, ರಸ್ತೆಯ ಯಾವ ಮಗ್ಗುಲಲ್ಲಿದ್ದಾನೆ ಎಂಬುದನ್ನೂ ಕೂಡಿಸಿಯೇ ಓದಬೇಕು. ಬೆರಳನ್ನು ಕೆಳಗಿಳಿಸಿದರೆ ‘ಇಲ್ಲೇ ಸುತ್ತಮುತ್ತ’ ಎಂದಾಗುವುದು. ಆಗ ದೂರದ ಗಾಡಿ ನಿಲ್ಲುವುದಿಲ್ಲ. ನಮ್ಮವನ ಬೆರಳನ್ನು ಕಂಡ ಚಾಲಕ ಸ್ಥಳವಿದ್ದರೆ ರಸ್ತೆಯ ಅಂಚಿಗೆ ಸರಿಯುತ್ತಾನೆ, ಇಲ್ಲದಿದ್ದರೆ ವೇಗವನ್ನು ತಗ್ಗಿಸದೆ ಸಾಗುತ್ತಾನೆ. ಇದರಲ್ಲಿ ಅವಮಾನವೆಂದು ಬಗೆಯತಕ್ಕದ್ದೇನೂ ಇಲ್ಲ.

ಒಳಗೆ ಕುಳಿತ ಮೇಲೆ ಹಣದ ಪ್ರಕರಣ. ಇಲ್ಲಿ ಕಂಡಕ್ಟರನಿಲ್ಲ. ಹಿಂದಿನ ಸಾಲಿನವರು ತಮ್ಮ ತಮ್ಮ ಬಾಡಿಗೆಯನ್ನು ಒಟ್ಟುಮಾಡಿ, ಎಷ್ಟು ಮಂದಿಯದೆಂದು ಹೇಳಿ ಮುಂದಿನ ಸಾಲಿಗೆ ದಾಟಿಸುತ್ತಾರೆ. ಹೀಗೆ ಸಾಲಿನಿಂದ ಸಾಲಿಗೆ ಹರಿದ ಹಣ ಮುಂದೆ ಕುಳಿತವನ ಕೈಸೇರುತ್ತದೆ, ಅವನು ಲೆಕ್ಕಹಾಕಿ ಕೊಡುವ ಚಿಲ್ಲರೆಯೂ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಲೆಕ್ಕದಲ್ಲಿ ಒಂದು ಬಾಡಿಗೆ ಕಡಮೆಯಾಯಿತೋ, ಚಾಲಕನ ಗೊಣಗಾಟ ಇಡೀ ಗಾಡಿಗೆ ಸಲ್ಲುತ್ತದೆ. ಚಾಲಕನ ಪಕ್ಕದ ಆಸನ ಹಾಯಾದುದೆಂದು ಹೊಸಬರು ಅಲ್ಲಿಗೆ ಧಾವಿಸುವುದುಂಟು. ಗಣಿತದಲ್ಲಿ ದುರ್ಬಲರಾದವರು ಅದನ್ನು ದೂರದಿಂದಲೇ ವಂದಿಸುವುದು ಲೇಸು.

ಹತ್ತುವುದಕ್ಕೆ ಕೈ ಸಾಕು, ಇಳಿಯುವುದಕ್ಕೆ ಬಾಯಿ ಬೇಕು. ಒತ್ತುವ ಗುಂಡಿಯಾಗಲಿ ಎಳೆಯುವ ಹಗ್ಗವಾಗಲಿ ಇಲ್ಲವಾದ್ದರಿಂದ, ಇಳಿಯುವ ಸ್ಥಳವನ್ನು ಚಾಲಕನಿಗೆ ಕೇಳುವಂತೆ ಕೂಗಬೇಕು. ‘ಆಫ್ಟರ್ ರೋಬಟ್’ ಎಂದರೆ ಮುಂದಿನ ಸಿಗ್ನಲ್ ದಾಟಿದ ಮೇಲೆ, ಏಕೆಂದರೆ ಆ ನಾಡಿನಲ್ಲಿ ಸಿಗ್ನಲ್ ದೀಪವನ್ನು ರೋಬಟ್ ಎನ್ನುತ್ತಾರೆ. ‘ಶಾರ್ಟ್ ಲೆಫ್ಟ್’ ಎಂದರೆ ಎಡಕ್ಕೆ ತಿರುಗಿದೊಡನೆ, ಆ ಮೂಲೆಯ ಆಚೆಗೇ. ಮನೆಯ ಸಂಖ್ಯೆಯನ್ನೋ ಬೀದಿಯ ಹೆಸರನ್ನೋ ಹೇಳಿದರೆ ಪ್ರಯೋಜನ ಸ್ವಲ್ಪ; ಚಾಲಕನ ಕಣ್ಣಿಗೆ ಬೀಳುವ ದೀಪ, ತಿರುವು, ಮೂಲೆಗಳಲ್ಲಿ ನುಡಿಯಬೇಕು. ಸ್ಥಳದ ಮುಂದೆಯೇ ಬಂದಾಗ ಕೂಗಿದವನನ್ನು ಗಾಡಿ ಮುಂದಿನ ದೀಪದವರೆಗೆ ಒಯ್ದರೆ, ಇಲ್ಲವೇ ಹಿಂದಿನ ವಾಹನಗಳು ಬೆದರುವಂತೆ ಥಟ್ಟನೆ ನಿಂತರೆ, ತಪ್ಪು ಚಾಲಕನದಲ್ಲ. ಒಂದು ತಿರುವಿನಷ್ಟು ಮುಂಚಿತವಾಗಿ ಹೇಳುವುದೇ ಕ್ರಮ. ‘ಶಾರ್ಟ್ ಲೆಫ್ಟ್’ ಎಂಬುದು ಎಷ್ಟು ಜನಜನಿತವಾಯಿತೆಂದರೆ, ಆ ದೇಶದ ಪ್ರವಾಸೋದ್ಯಮ ಸಂಸ್ಥೆಯು ಸ್ವದೇಶ ಪ್ರವಾಸದ ಪ್ರಚಾರಕ್ಕೆ ಅದನ್ನೇ ಹೆಸರಾಗಿ ಆರಿಸಿಕೊಂಡಿತು.

ನಮ್ಮ ಪ್ರಯಾಣಿಕನು ನಗರದ ನಡುವಿನ ದೊಡ್ಡ ನಿಲ್ದಾಣದಲ್ಲಿ ಇಳಿಯುತ್ತಾನೆ. ಅಲ್ಲಿ ಬೆರಳಿಗೆ ಕೆಲಸವಿಲ್ಲ. ಫೋರ್‌ವೇಸಿನ ಸಾಲು ಯಾವುದೆಂದು ಸಾಲು ನೋಡಿಕೊಳ್ಳುವ ಮಾರ್ಷಲನನ್ನು ಕೇಳಿ ನಿಂತರಾಯಿತು. ನಿಲ್ದಾಣಕ್ಕೆ ಬಾರದೆ ದಾರಿಯಲ್ಲಿಯೇ ಅದೇ ಗಾಡಿಯನ್ನು ಹಿಡಿಯುವವನು ನಾಲ್ಕು ಬೆರಳುಗಳನ್ನು ಎತ್ತಿ ತೋರಿಸುತ್ತಾನೆ, ಊರಿನ ಹೆಸರಿನಲ್ಲಿ ನಾಲ್ಕು ದಾರಿಗಳಿವೆಯಲ್ಲ! ಆರಂಭದಲ್ಲಿ ಕಂಡ, ಹಣ್ಣು ಹಿಡಿದಂತಹ ಕೈಯೂ ಹೀಗೆಯೇ. ಅದರ ಒಡೆಯನು ಹೊರಟಿರುವುದು ನಗರದ ದಕ್ಷಿಣಕ್ಕಿರುವ ಆರೆಂಜ್ ಫಾರ್ಮಿಗೆ.

ಈ ಸಂಜ್ಞೆಗಳನ್ನು ಯಾರೂ ಶಾಲೆಯಲ್ಲಿ ಕಲಿಸುವುದಿಲ್ಲ. ಪಕ್ಕದಲ್ಲಿ ನಿಂತವರನ್ನು ನೋಡಿ, ಕೇಳಿ ಕಲಿಯತಕ್ಕದ್ದು. ಸೂಸನ್ ವುಲ್ಫ್ ಎಂಬ ಕಲಾವಿದೆ ಅವುಗಳನ್ನು ಸಂಗ್ರಹಿಸಿ ಚಿತ್ರಿಸಿದಳು. 2010ರಲ್ಲಿ ಅವು ಆ ದೇಶದ ಅಂಚೆಚೀಟಿಗಳ ಮೇಲೂ ಮೂಡಿದುವು. ಕಣ್ಣಿಲ್ಲದವರು ಬೆರಳಾಡಿಸಿ ಅರಿಯಬಹುದಾದ ಉಬ್ಬು ಆಕೃತಿಗಳನ್ನು ಕೂಡ ಆಕೆ ರೂಪಿಸಿದಳು. ನೋಡಿ ಕಲಿಯುವ ಮಾರ್ಗವೇ ಮುಚ್ಚಿದವರಿಗೆ ಬೇರೆ ಉಪಾಯವೆಲ್ಲಿ?

ಅದೇ ದೇಶದ ಕೇಪ್‌ಟೌನಿನಲ್ಲಿಯಾದರೋ ವ್ಯವಹಾರವೇ ಬೇರೆ. ಅಲ್ಲಿ ‘ಗಾರ್ಚಿ’ ಎಂಬ ಸಹಾಯಕನು ಬಾಗಿಲಿನಿಂದ ಅರ್ಧ ದೇಹವನ್ನು ಹೊರಚಾಚಿ, ವೈನ್‌ಬರ್ಗ್, ಮೌಬ್ರೇ ಎಂದು ಊರುಗಳನ್ನು ಬೀದಿಯುದ್ದಕ್ಕೂ ಸಾರುತ್ತ ಬರುತ್ತಾನೆ; ಹಣವನ್ನು ವಸೂಲು ಮಾಡುವವನೂ ಅವನೇ. ನಮ್ಮ ವಿಜಯಪುರ ಕಲಬುರಗಿಗಳ ಕಡೆ ಟಂಟಂ ಹತ್ತಿ ಬಲ್ಲವರಿಗೆ ಈ ಕೂಗು ಹೊಸದಲ್ಲ. ಕೇಪ್‌ಟೌನಿನ ಪ್ರಯಾಣಿಕನು ತಾನು ಹೋಗಬೇಕಾದ ಊರಿನ ಹೆಸರು ಕೇಳಿಸಿದಾಗ ಸುಮ್ಮನೆ ಕೈಯೆತ್ತಿದರೆ ಸಾಕು, ಯಾವ ಬೆರಳೆಂದು ಯಾರೂ ನೋಡುವುದಿಲ್ಲ.