ನಿವ್ವಳ ಲಾಭಕ್ಕೆ ಮುಂಚಿನ ಸಾಲುಗಳು

ಬೆಂಗಳೂರಿನ ಇನ್ಫೋಸಿಸ್ 2023–24ರಲ್ಲಿ 26,248 ಕೋಟಿ ರೂಪಾಯಿ ನಿವ್ವಳ ಲಾಭ ಗಳಿಸಿತು. ಹಿಂದಿನ ವರ್ಷದ ಲಾಭ 24,108 ಕೋಟಿ. ಅಂದರೆ ಏರಿಕೆ ಶೇ 8.9. ಆದರೆ ಅದೇ ವರ್ಷ ಕಂಪನಿಯ ವರಮಾನ ಹೆಚ್ಚಿದ್ದು ಶೇ 4.7ರಷ್ಟು ಮಾತ್ರ. ವರಮಾನಕ್ಕಿಂತ ಲಾಭ ಜೋರಾಗಿ ಬೆಳೆದಿದೆ ಎಂದರೆ ಕಂಪನಿ ಖರ್ಚನ್ನು ಬಿಗಿಮಾಡಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಹೌದೋ ಅಲ್ಲವೋ ಎಂದು ತಿಳಿಯಲು ಲಾಭ-ನಷ್ಟ ಪಟ್ಟಿಯನ್ನು ಮೇಲಿನಿಂದ ಒಂದೊಂದೇ ಸಾಲು ಓದಿಕೊಂಡು ಬರಬೇಕು. ದಾರಿಯಲ್ಲಿ ಮೂರು ಕಡೆ ನಿಲ್ಲಬೇಕು: ಗ್ರಾಸ್ ಮಾರ್ಜಿನ್, ಆಪರೇಟಿಂಗ್ ಮಾರ್ಜಿನ್, ನೆಟ್ ಮಾರ್ಜಿನ್.

ಪಟ್ಟಿಯ ಮೊದಲ ಸಾಲು ವರಮಾನ. ಗ್ರಾಹಕರಿಗೆ ಮಾಡಿಕೊಟ್ಟ ಕೆಲಸಕ್ಕೆ ಬರುವ ಹಣ ಇದು. 2023–24ರಲ್ಲಿ ಇದು 1,53,670 ಕೋಟಿ. ಇಷ್ಟು ದೊಡ್ಡ ಮೊತ್ತದ ಜೊತೆ ಗುದ್ದಾಡುವುದಕ್ಕಿಂತ ಪ್ರತಿ 100 ರೂಪಾಯಿ ವರಮಾನಕ್ಕೆ ಎಷ್ಟು ಎಂದು ಲೆಕ್ಕ ಹಾಕಿಕೊಂಡರೆ ಸುಲಭ. ಮಾರ್ಜಿನ್ ಎಂದರೆ ಈ ಲೆಕ್ಕವೇ.

ಎರಡನೆಯ ಸಾಲು, ಆ ಕೆಲಸ ಮಾಡಿಕೊಡಲು ನೇರವಾಗಿ ತಗುಲಿದ ವೆಚ್ಚ. ಸಾಫ್ಟ್‌ವೇರ್ ಕಂಪನಿಯಲ್ಲಿ ಇದರ ಬಹುಪಾಲು ಎಂಜಿನಿಯರುಗಳ ಸಂಬಳ; ಹೊರಗಿನಿಂದ ಗುತ್ತಿಗೆಗೆ ತೆಗೆದುಕೊಂಡವರಿಗೆ ಕೊಟ್ಟ ಹಣ, ಪ್ರಯಾಣದ ಖರ್ಚು ಮುಂತಾದವು ಇದರೊಳಗೇ ಬರುತ್ತವೆ. ನೂರರಲ್ಲಿ 69 ರೂಪಾಯಿ 90 ಪೈಸೆ ಇಲ್ಲೇ ಹೋಯಿತು. ಉಳಿದ 30 ರೂಪಾಯಿ 10 ಪೈಸೆ ಗ್ರಾಸ್ ಮಾರ್ಜಿನ್. ಕೆಲಸಕ್ಕೆ ಎಷ್ಟು ಬೆಲೆ ಸಿಗುತ್ತಿದೆ, ಅದನ್ನು ಮಾಡುವ ಜನರಿಗೆ ಎಷ್ಟು ಕೊಡಬೇಕಾಗಿದೆ ಎಂಬ ಎರಡರ ನಡುವಿನ ಅಂತರವನ್ನು ಈ ಸಂಖ್ಯೆ ಹೇಳುತ್ತದೆ. ಗ್ರಾಹಕರು ದರ ಇಳಿಸಿ ಎಂದು ಹಟ ಹಿಡಿದರೆ, ಇಲ್ಲವೇ ಸಂಬಳ ಏರಿದರೆ, ಮೊದಲ ಪೆಟ್ಟು ಬೀಳುವುದು ಇಲ್ಲಿಗೆ.

ಮುಂದಿನ ಎರಡು ಸಾಲು ಕಂಪನಿಯನ್ನು ನಡೆಸುವ ಖರ್ಚಿನವು. ಹೊಸ ಗುತ್ತಿಗೆಗಳನ್ನು ಹಿಡಿದು ತರುವ ಮಾರಾಟ ವಿಭಾಗಕ್ಕೆ 4 ರೂಪಾಯಿ 54 ಪೈಸೆ, ಆಡಳಿತಕ್ಕೆ 4 ರೂಪಾಯಿ 90 ಪೈಸೆ. ಇವನ್ನು ಕಳೆದರೆ 20 ರೂಪಾಯಿ 66 ಪೈಸೆ ಉಳಿಯುತ್ತದೆ. ಇದು ಆಪರೇಟಿಂಗ್ ಮಾರ್ಜಿನ್. ಕಂಪನಿ ತಾನು ಮಾಡುವ ಕಸುಬಿನಿಂದಲೇ ಎಷ್ಟು ಉಳಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಅಳತೆ ಪಟ್ಟಿಯಲ್ಲಿ ಇನ್ನೊಂದಿಲ್ಲ.

ಈ ಸಾಲಿನ ಕೆಳಗೆ ಬರುವವು ಕಸುಬಿನ ಹೊರಗಿನ ಲೆಕ್ಕಗಳು. ಬ್ಯಾಂಕಿನಲ್ಲಿಟ್ಟ, ಬೇರೆಡೆ ಹೂಡಿದ ಹಣಕ್ಕೆ ಬರುವ ಬಡ್ಡಿ ಮುಂತಾದ ಇತರೆ ಆದಾಯ ಇಲ್ಲಿ ಸೇರುತ್ತದೆ. ಆ ವರ್ಷ ಅದು 3 ರೂಪಾಯಿ 7 ಪೈಸೆ. ಹಣಕಾಸು ವೆಚ್ಚ 31 ಪೈಸೆ, ತೆರಿಗೆ 6 ರೂಪಾಯಿ 34 ಪೈಸೆ ಹೊರಹೋದವು. ಕೊನೆಗೆ ಕೈಯಲ್ಲಿ ಉಳಿದದ್ದು 17 ರೂಪಾಯಿ 8 ಪೈಸೆ. ಇದು ನೆಟ್ ಮಾರ್ಜಿನ್.

ಒಂದೇ ವರ್ಷದ ಮಾರ್ಜಿನ್ ಹೆಚ್ಚೇನೂ ಹೇಳುವುದಿಲ್ಲ. ಹಿಂದಿನ ವರ್ಷದ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಕತೆ ಬಿಚ್ಚಿಕೊಳ್ಳುತ್ತದೆ. 2022–23ರಲ್ಲಿ ಗ್ರಾಸ್ ಮಾರ್ಜಿನ್ ಶೇ 30.26, ಆಪರೇಟಿಂಗ್ ಮಾರ್ಜಿನ್ ಶೇ 21.06, ನೆಟ್ ಮಾರ್ಜಿನ್ ಶೇ 16.43 ಇತ್ತು. ಮರುವರ್ಷ ಮೊದಲ ಎರಡು ಇಳಿದವು, ಮೂರನೆಯದು ಮಾತ್ರ ಏರಿತು.

ಇಳಿದದ್ದು ಎಲ್ಲಿ ಎಂದು ಮೊದಲು ನೋಡೋಣ. ನೂರು ರೂಪಾಯಿಗೆ ಆಪರೇಟಿಂಗ್ ಲಾಭ 40 ಪೈಸೆ ಕಡಿಮೆಯಾಗಿದೆ. ಅದರಲ್ಲಿ ಕೆಲಸದ ನೇರ ವೆಚ್ಚ ಹೆಚ್ಚಿದ್ದರಿಂದ ಹೋದದ್ದು 16 ಪೈಸೆ. ಮಾರಾಟದ ಖರ್ಚು 4 ರೂಪಾಯಿ 26 ಪೈಸೆಯಿಂದ 4 ರೂಪಾಯಿ 54 ಪೈಸೆಗೆ ಏರಿದ್ದರಿಂದ 28 ಪೈಸೆ ಹೋಯಿತು. ಆಡಳಿತದ ಖರ್ಚಿನಲ್ಲಿ 4 ಪೈಸೆ ಉಳಿತಾಯವಾಯಿತು. ಹಾಗಾಗಿ ಇಳಿಕೆಯ ದೊಡ್ಡ ಪಾಲು ಗುತ್ತಿಗೆ ತರುವ ಖರ್ಚಿನದು, ಕೆಲಸ ಮಾಡಿಕೊಡುವ ಖರ್ಚಿನದಲ್ಲ. ಆಪರೇಟಿಂಗ್ ಮಾರ್ಜಿನ್ ಒಂದನ್ನೇ ನೋಡಿದವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಅದರ ಮೇಲಿನ ಸಾಲುಗಳನ್ನು ಬಿಡಿಸಿ ನೋಡುವುದು ಇದಕ್ಕೇ.

ಹಾಗಾದರೆ ನಿವ್ವಳ ಲಾಭ ಏರಿದ್ದು ಹೇಗೆ? ಆಪರೇಟಿಂಗ್ ಲಾಭ ಹೆಚ್ಚಿದ್ದು 842 ಕೋಟಿ. ಇತರೆ ಆದಾಯವಾದರೋ 2,701 ಕೋಟಿಯಿಂದ 4,711 ಕೋಟಿಗೆ, ಅಂದರೆ 2,010 ಕೋಟಿಯಷ್ಟು ಜಿಗಿಯಿತು. ಹಿಂದಿನ ವರ್ಷಗಳ ತೆರಿಗೆ ಲೆಕ್ಕದ ಬಗ್ಗೆ ಆದಾಯ ತೆರಿಗೆ ಇಲಾಖೆಯಿಂದ ಬಂದ ಆದೇಶಗಳ ಪ್ರಕಾರ ಕಂಪನಿಗೆ ಸಿಗಬೇಕಾಗಿದ್ದ ಹಣಕ್ಕೆ ಬಡ್ಡಿ ಸೇರಿತ್ತು. ಆ ಬಡ್ಡಿಯೇ ಸುಮಾರು 1,900 ಕೋಟಿ. ಅದನ್ನು ಬದಿಗಿಟ್ಟರೆ ತೆರಿಗೆಗೆ ಮುಂಚಿನ ಲಾಭ ಬೆಳೆದದ್ದು ಸುಮಾರು ಶೇ 2.3 ಮಾತ್ರ, ಆಪರೇಟಿಂಗ್ ಲಾಭದ ಬೆಳವಣಿಗೆಯಾದ ಶೇ 2.7ಕ್ಕೆ ಇದು ಹತ್ತಿರ. ಬಡ್ಡಿ ಬಂದದ್ದರಲ್ಲಿ ತಪ್ಪೇನೂ ಇಲ್ಲ, ಅದು ನಿಜವಾದ ಹಣವೇ. ಆದರೆ ಕಸುಬಿನಿಂದ ಬಂದದ್ದಲ್ಲ, ವರ್ಷವರ್ಷವೂ ಬರುವಂಥದ್ದೂ ಅಲ್ಲ.

ಈ ಓದನ್ನು ಬೇರೆ ಕಂಪನಿಗಳ ಮೇಲೆ ಪ್ರಯೋಗಿಸುವಾಗ ಎರಡು ಎಚ್ಚರ ಬೇಕು. ಮೊದಲನೆಯದು ಪಟ್ಟಿಯ ನಮೂನೆ. ಇನ್ಫೋಸಿಸ್ ತನ್ನ ಖರ್ಚನ್ನು ಕೆಲಸದ ವೆಚ್ಚ, ಮಾರಾಟ, ಆಡಳಿತ ಎಂದು ಬೇರ್ಪಡಿಸಿ ತೋರಿಸುತ್ತದೆ. ಆದರೆ 2013ರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿರುವ ನಮೂನೆಯಲ್ಲಿ ಗ್ರಾಸ್ ಲಾಭದ ಸಾಲೂ ಇಲ್ಲ, ಆಪರೇಟಿಂಗ್ ಲಾಭದ ಸಾಲೂ ಇಲ್ಲ. ಅಲ್ಲಿ ಖರ್ಚನ್ನು ಕಚ್ಚಾವಸ್ತು, ನೌಕರರ ವೆಚ್ಚ, ಸವಕಳಿ, ಹಣಕಾಸು ವೆಚ್ಚ ಹೀಗೆ ವಿಂಗಡಿಸಿರುತ್ತಾರೆ. ವರಮಾನದಿಂದ ಹಣಕಾಸು ವೆಚ್ಚವೊಂದನ್ನು ಬಿಟ್ಟು ಉಳಿದೆಲ್ಲ ಖರ್ಚನ್ನು ಕಳೆದರೆ ಆಪರೇಟಿಂಗ್ ಲಾಭ ನಮಗೇ ಸಿಗುತ್ತದೆ. ಗ್ರಾಸ್ ಲಾಭ ಮಾತ್ರ ಅಷ್ಟು ಸಲೀಸಲ್ಲ. ಕಾರ್ಖಾನೆಯ ಕಾರ್ಮಿಕರ ಕೂಲಿಯೂ ಕಚೇರಿಯವರ ಸಂಬಳವೂ ನೌಕರರ ವೆಚ್ಚ ಎಂಬ ಒಂದೇ ಸಾಲಿನಲ್ಲಿ ಬೆರೆತಿರುತ್ತವೆ. ಕಚ್ಚಾವಸ್ತುವನ್ನಷ್ಟೇ ಕಳೆದು ತೆಗೆದ ಗ್ರಾಸ್ ಮಾರ್ಜಿನ್ ಅನ್ನು ಸಂಬಳವನ್ನೂ ಕಳೆದು ತೆಗೆದದ್ದರ ಜೊತೆ ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ.

ಎರಡನೆಯದು ಭಾಗಿಸುವ ಸಂಖ್ಯೆ. ಅದೇ ನಮೂನೆಯಲ್ಲಿ ವರಮಾನದ ಕೆಳಗೇ ಇತರೆ ಆದಾಯವನ್ನು ಕೂಡಿ ಒಟ್ಟು ಆದಾಯ ಎಂದು ಬರೆಯುತ್ತಾರೆ. 2023–24ರ ಲಾಭವನ್ನು ಒಟ್ಟು ಆದಾಯದಿಂದ ಭಾಗಿಸಿದರೆ ಇನ್ಫೋಸಿಸ್‌ನ ನೆಟ್ ಮಾರ್ಜಿನ್ ಶೇ 17.08ರ ಬದಲು ಶೇ 16.57 ಆಗುತ್ತದೆ. ಯಾವುದನ್ನು ಆರಿಸಿಕೊಂಡರೂ ಎಲ್ಲ ವರ್ಷಕ್ಕೂ, ಎಲ್ಲ ಕಂಪನಿಗೂ ಅದನ್ನೇ ಬಳಸಬೇಕು.

2024–25ರ ಪಟ್ಟಿ ಬಂದಾಗ ಚಿತ್ರ ತಿರುವುಮುರುವಾಯಿತು. ಗ್ರಾಸ್ ಮಾರ್ಜಿನ್ ಶೇ 30.5ಕ್ಕೂ ಆಪರೇಟಿಂಗ್ ಮಾರ್ಜಿನ್ ಶೇ 21.1ಕ್ಕೂ ಏರಿದವು. ಇತರೆ ಆದಾಯ 3,600 ಕೋಟಿಗೆ ಇಳಿಯಿತು, ತೆರಿಗೆಯ ಪ್ರಮಾಣವೂ ಹೆಚ್ಚಿತು. ನೆಟ್ ಮಾರ್ಜಿನ್ ಶೇ 16.4ಕ್ಕೆ ಕುಸಿಯಿತು. ಕೊನೆಯ ಸಾಲನ್ನಷ್ಟೇ ಓದಿದವರ ಕಣ್ಣಿಗೆ ಅದು ಹಿಂದಿನದಕ್ಕಿಂತ ಸೊರಗಿದ ವರ್ಷ. ನಿಜಕ್ಕೂ ಆ ವರ್ಷ ಕಂಪನಿಯ ಕಸುಬು ಹಿಂದಿನ ವರ್ಷಕ್ಕಿಂತ ಚೆನ್ನಾಗಿ ನಡೆದಿತ್ತು.