ಕಣ್ಣಿಗೆ ಔಷಧದ ಹನಿ ಹಾಕುವ ಕ್ರಮ

ನಮ್ಮ ನೆರೆಮನೆಯ ವೃದ್ಧ ತಾಯಿಯೊಬ್ಬರ ಬಲಗಣ್ಣಿನ ಪೊರೆಯನ್ನು ಹೋದ ತಿಂಗಳು ಶಸ್ತ್ರಕ್ರಿಯೆಯಿಂದ ತೆಗೆದರು. ಅವರು ಮನೆಗೆ ಬರುವಾಗ ಜೊತೆಯಲ್ಲಿ ಎರಡು ಪುಟ್ಟ ಸೀಸೆಗಳೂ ರಾತ್ರಿಗೆಂದು ಒಂದು ಮುಲಾಮೂ ಬಂದವು. ಒಂದು ಸೀಸೆಯಲ್ಲಿದ್ದುದು ರೋಗಾಣುಗಳನ್ನು ಕೊಲ್ಲುವ ಮಾಕ್ಸಿಫ್ಲಾಕ್ಸಸಿನ್. ಮತ್ತೊಂದರಲ್ಲಿ ಉರಿಯೂತವನ್ನಿಳಿಸುವ ಪ್ರೆಡ್ನಿಸೊಲೋನ್. ಮೂರನೆಯ ದಿನ ನಾವು ನೋಡಿಬರಲು ಹೋದಾಗ ಸೊಸೆಯವರು ಔಷಧ ಹಾಕುತ್ತಿದ್ದರು. “ಒಂದರ ಬೆನ್ನಿಗೇ ಇನ್ನೊಂದನ್ನೂ ಹಾಕಿಬಿಡಮ್ಮ, ಎರಡೆರಡು ಸಲ ಏಕೆ ಮಲಗಿ ಏಳಲಿ?” ಎಂದರು ಅತ್ತೆಯವರು. ಸೊಸೆ ಹಾಗೆಯೇ ಮಾಡಿ, ಕೆನ್ನೆಯ ಮೇಲೆ ಹರಿದುದನ್ನು ಸೆರಗಿನಿಂದ ಒರಸಿದರು. ಹಾಗೆ ಒರಸಿದುದರಲ್ಲಿ ಬಹುಭಾಗ ಔಷಧವೇ ಆಗಿದ್ದಿತು!

ಇದು ಹೇಗೆಂಬುದನ್ನು ತಿಳಿಯಲು ಕಣ್ಣಿನ ಅಳತೆಯನ್ನು ಸ್ವಲ್ಪ ನೋಡಬೇಕು. ರೆಪ್ಪೆಗಳ ಒಳಗೆ ನಿಲ್ಲಬಲ್ಲ ದ್ರವ ಹೆಚ್ಚೆಂದರೆ ಸುಮಾರು 30 ಮೈಕ್ರೋಲೀಟರು, ಎಂದರೆ ಒಂದು ಮಿಲಿಲೀಟರಿನ ಮೂವತ್ತಮೂರನೆಯ ಒಂದು ಪಾಲು. ಸೀಸೆಯಿಂದ ಬೀಳುವ ಒಂದೇ ಹನಿ ಸಾಮಾನ್ಯವಾಗಿ ಅಷ್ಟು, ಇಲ್ಲವೆ ಅದಕ್ಕೂ ಹೆಚ್ಚು. ಆದುದರಿಂದ ಒಂದು ಹನಿಯೇ ಕಣ್ಣನ್ನು ತುಂಬಿ ಹೊರಚೆಲ್ಲುವುದುಂಟು. ಅದು ಒಳಗೆ ಹೀರಿಹೋಗುವ ಮುನ್ನ ಎರಡನೆಯದನ್ನು ಬಿಟ್ಟರೆ, ಹಿಂದೆ ಬಂದುದು ಮುಂದಿನದನ್ನು ತೊಳೆದು ಹಾಕುತ್ತದೆ. ಹೀಗಾಗಿ ಎರಡು ಔಷಧಗಳ ನಡುವೆ ಕನಿಷ್ಠ ಐದು ನಿಮಿಷ ಕಾಯತಕ್ಕದ್ದು. ಮುಲಾಮು ಎಣ್ಣೆಯ ಪದರದಂತೆ ಕಣ್ಣನ್ನು ಮುಸುಕಿ ಇತರ ಔಷಧವನ್ನು ತಡೆಯುವುದರಿಂದ ಅದು ಯಾವಾಗಲೂ ಕಡೆಯದು. ಒಂದೇ ಔಷಧದ ಎರಡು ಹನಿ ಹಾಕಿದರೆ ಗುಣವೂ ಇಮ್ಮಡಿಯಾದೀತೆಂಬ ಎಣಿಕೆಯೂ ಇದೇ ಕಾರಣದಿಂದ ವ್ಯರ್ಥ.

ಔಷಧ ಹೊರಟುಹೋಗಲು ಇನ್ನೊಂದು ದಾರಿಯಿದೆ. ಮೂಗಿನ ಕಡೆಯ ಕಣ್ಣಿನ ಕೊನೆಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಕಣ್ಣೀರು ಮೂಗಿಗೆ ಇಳಿಯುತ್ತದೆ. ಹನಿ ಹಾಕಿದ ತುಸು ಹೊತ್ತಿನಲ್ಲಿ ಗಂಟಲು ಕಹಿಯಾಗುವುದು ಇದರಿಂದಲೇ. ಮೂಗಿಗಿಳಿದ ಔಷಧ ರಕ್ತಕ್ಕೆ ಸೇರುತ್ತದೆ. ಗ್ಲಾಕೋಮಕ್ಕೆ ಕೊಡುವ ಟಿಮೊಲಾಲ್ ಹೀಗೆ ರಕ್ತಕ್ಕೆ ಸೇರಿ ಉಬ್ಬಸದವರ ಉಸಿರನ್ನೇ ಕಟ್ಟಿಸಬಲ್ಲದು. ಆದಕಾರಣ ಉಬ್ಬಸವಿರುವುದನ್ನು ಕಣ್ಣಿನ ವೈದ್ಯರಿಗೆ ಮೊದಲೇ ಹೇಳಬೇಕು. ಹನಿ ಹಾಕಿದೊಡನೆ ಕಣ್ಣನ್ನು ಮೆಲ್ಲನೆ ಮುಚ್ಚಿ, ಆ ಕೊನೆಯನ್ನು ಮೂಗಿನ ಎಲುಬಿನ ಕಡೆಗೆ ಬೆರಳಿನಿಂದ ಎರಡು ನಿಮಿಷ ಒತ್ತಿಹಿಡಿದರೆ ದಾರಿ ಮುಚ್ಚುತ್ತದೆ. ಕಣ್ಣುಗುಡ್ಡೆಯನ್ನು ಮಾತ್ರ ಒತ್ತಕೂಡದು. ಶಸ್ತ್ರಕ್ರಿಯೆಯಾದ ಕಣ್ಣಿಗಂತೂ ಈ ಎಚ್ಚರ ಬಹಳ ಬೇಕು. ರೆಪ್ಪೆಗಳನ್ನು ಪಟಪಟನೆ ಬಡಿಯುವುದೂ ಸಲ್ಲದು. ಅದರಿಂದ ಔಷಧ ಬೇಗ ಹೊರಬೀಳುತ್ತದೆ.

ನೆರೆಮನೆಯಲ್ಲಿ ನಮಗೆ ಹೆಚ್ಚು ಭಯ ಹುಟ್ಟಿಸಿದುದು ಸೀಸೆಯ ತುದಿ. ಸೊಸೆಯವರು ಗುರಿ ತಪ್ಪದಿರಲೆಂದು ಅದನ್ನು ರೆಪ್ಪೆಯ ಕೂದಲಿಗೇ ತಗುಲಿಸುತ್ತಿದ್ದರು. ರೆಪ್ಪೆಯ ಅಂಚಿನಲ್ಲಿ ರೋಗಾಣುಗಳು ಎಲ್ಲರಿಗೂ ಇರುತ್ತವೆ. ಹಿಸುಕಿದ ಸೀಸೆಯನ್ನು ಬಿಟ್ಟಾಗ ಅದು ಗಾಳಿಯನ್ನು ಒಳಗೆಳೆಯುವುದಷ್ಟೆ; ಆ ಉಸಿರಿನೊಡನೆ ತುದಿಯ ತೇವವೂ ಅದರಲ್ಲಿನ ರೋಗಾಣುಗಳೂ ಒಳಸೇರುತ್ತವೆ. ಮುಂದಿನ ಹನಿಗಳಲ್ಲಿ ಅವೇ ಗಾಯ ಮಾಯದ ಕಣ್ಣಿಗೆ ಬೀಳಬಹುದು. ತುದಿಯನ್ನು ಬಟ್ಟೆಯಿಂದ ಒರಸುವುದಾಗಲಿ ನಲ್ಲಿಯ ನೀರಿನಲ್ಲಿ ತೊಳೆಯುವುದಾಗಲಿ ಪರಿಹಾರವಲ್ಲ. ಮುಟ್ಟದಿರುವುದೊಂದೇ ಉಪಾಯ. ಕೆಲವು ಸೀಸೆಗಳಿಗೆ ತೂತು ಮಾಡುವ ಮೊನೆ ಮುಚ್ಚಳದೊಳಗೇ ಇರುತ್ತದೆ. ಅದನ್ನು ಬಿಗಿಯಾಗಿ ತಿರುಗಿಸಿದರೆ ಸಾಕು. ಇದನ್ನರಿಯದೆ ಬಳೆಯಲ್ಲಿನ ಪಿನ್ನಿನಿಂದ ಚುಚ್ಚುವವರುಂಟು. ಪಿನ್ನಿನ ಕೊಳೆ ಒಳಹೋಗುವುದಲ್ಲದೆ, ತೂತು ದೊಡ್ಡದಾಗಿ ಔಷಧವೂ ಬೇಗ ಮುಗಿಯುತ್ತದೆ.

ಆ ತಾಯಿಯವರಿಗೆ ನಾವು ಮಾಡಿಕೊಟ್ಟ ಏರ್ಪಾಡು ಹೀಗಿತ್ತು. ರಾತ್ರಿ ಎಂಟು ಗಂಟೆಗೆ ಸೊಸೆ ಸಾಬೂನಿನಿಂದ ಕೈ ತೊಳೆದುಕೊಳ್ಳುವರು. ಅತ್ತೆ ದಿಂಬಿಲ್ಲದೆ ಅಂಗಾತ ಮಲಗಿ ಮೇಲೆ ನೋಡುವರು. ಸೊಸೆ ಎಡಬೆರಳಿನಿಂದ ಕೆಳರೆಪ್ಪೆಯನ್ನು ಕೆನ್ನೆಯ ಎಲುಬಿನ ಮೇಲಕ್ಕೆ ಎಳೆದು, ಬಲಗೈಯ ಮಣಿಕಟ್ಟನ್ನು ಹಣೆಯ ಮೇಲೆ ಊರಿ, ಒಂದು ಅಂಗುಲದಷ್ಟು ಮೇಲಿನಿಂದ ಮಾಕ್ಸಿಫ್ಲಾಕ್ಸಸಿನ್ನಿನ ಒಂದು ಹನಿಯನ್ನು ರೆಪ್ಪೆಯ ಒಳಚೀಲಕ್ಕೆ ಬಿಡುವರು. ಕೈ ನಡುಗಿದರೂ ಹಣೆಯ ಆಸರೆಯಿರುವುದರಿಂದ ಸೀಸೆ ಕಣ್ಣಿಗೆ ತಗುಲದು. ಎಂಟೂ ಐದಕ್ಕೆ ಪ್ರೆಡ್ನಿಸೊಲೋನ್. ಅದರ ಪುಡಿ ತಳಕ್ಕಿಳಿದಿರುವುದರಿಂದ ಸೀಸೆಯನ್ನು ಚೆನ್ನಾಗಿ ಕುಲುಕಬೇಕು, ಇಲ್ಲದಿದ್ದರೆ ಬೀಳುವುದು ತೆಳುನೀರು. ಎಂಟೂ ಕಾಲಿಗೆ ಮುಲಾಮು. ಅಲ್ಲಿಗೆ ಮುಗಿಯಿತು. ನಡುವಿನ ಹೊತ್ತಿನಲ್ಲಿ ಅತ್ತೆಯವರು ಮಲಗಿದಲ್ಲಿಯೇ ಸಹಸ್ರನಾಮ ಹೇಳಿಕೊಳ್ಳುತ್ತಾರೆ. ಗಡಿಯಾರಕ್ಕಿಂತ ಅದೇ ಅವರಿಗೆ ಒಗ್ಗಿತು.

ತುದಿ ತಗುಲಿದ್ದ ಹಳೆಯ ಸೀಸೆಗಳನ್ನು ವೈದ್ಯರನ್ನು ಕೇಳಿ ಬದಲಾಯಿಸಿದೆವು. ಹೊಸದರ ಮೇಲೆ ತೆರೆದ ದಿನವನ್ನು ಬರೆದಿಟ್ಟಿದೆ. ಸಾಮಾನ್ಯವಾಗಿ ನಾಲ್ಕು ವಾರ ಕಳೆದರೆ ಉಳಿದುದನ್ನು ಚೆಲ್ಲಬೇಕು. ಸೀಸೆಯ ಮೇಲೆ ಬೇರೆ ಅವಧಿ ಅಚ್ಚಾಗಿದ್ದರೆ ಅದರಂತೆ ನಡೆಯಬೇಕು. ತಿಳಿಯಾಗಿದ್ದ ಔಷಧ ಕದಡಿದರೆ ಅಂದೇ ಚೆಲ್ಲತಕ್ಕದ್ದು. ಆದರೆ ಕೆಟ್ಟ ಔಷಧವೆಲ್ಲ ಕದಡಿ ಕಾಣುವುದಿಲ್ಲ. ಕಣ್ಣು ದಿನದಿಂದ ದಿನಕ್ಕೆ ಕೆಂಪೇರಿದರೆ, ನೋವು ಹೆಚ್ಚಿದರೆ, ಸ್ಪಷ್ಟವಾಗಿದ್ದ ನೋಟ ಮಂಜಾದರೆ, ಬೆಳಗಾಗುವುದನ್ನು ಕಾಯದೆ ಶಸ್ತ್ರಕ್ರಿಯೆ ಮಾಡಿದ ವೈದ್ಯರ ಬಳಿಗೆ ಸೀಸೆಗಳ ಸಮೇತ ಹೋಗಬೇಕು.