ಮಲಗಿದ ಮೇಲೂ ಬೆಳಗುವ ಪರದೆ

ಈಗಿನ ಎಷ್ಟೋ ಫೋನುಗಳ ಪರದೆ ಲಾಕ್ ಆದ ಮೇಲೂ ಪೂರ್ತಿ ಕತ್ತಲಾಗುವುದಿಲ್ಲ. ಗಂಟೆ, ತಾರೀಖು, ಬಂದ ಮೆಸೇಜಿನ ಪುಟ್ಟ ಗುರುತು ಮಂದ ಬೆಳಕಿನಲ್ಲಿ ಕಾಣುತ್ತಲೇ ಇರುತ್ತವೆ. ಇದೇ ಆಲ್ವೇಸ್ ಆನ್ ಡಿಸ್‌ಪ್ಲೇ. 2016ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್7 ಮತ್ತು ಎಲ್‌ಜಿ ಜಿ5 ಫೋನುಗಳಲ್ಲಿ ಇದಿತ್ತು. ಐಫೋನಿಗೆ ಬಂದದ್ದು 2022ರಲ್ಲಿ, 14 ಪ್ರೊ ಮಾದರಿಯೊಂದಿಗೆ. ಇದರಿಂದ ಬ್ಯಾಟರಿ ಎಷ್ಟು ಖರ್ಚಾಗುತ್ತದೆ, ತಲೆದಿಂಬಿನ ಪಕ್ಕ ಇಟ್ಟುಕೊಂಡರೆ ನಿದ್ದೆಗೆ ತೊಂದರೆಯೇ ಎಂದು ಹಲವರು ಕೇಳುತ್ತಾರೆ.

ಮೊದಲು ಬ್ಯಾಟರಿಯ ಲೆಕ್ಕ. ಒಎಲ್‌ಇಡಿ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಕಪ್ಪು ಕಾಣುವ ಜಾಗದ ಚುಕ್ಕೆಗಳು ಆರಿಯೇ ಇರುತ್ತವೆ. ಹಾಗಾಗಿ ಗಡಿಯಾರದ ಅಂಕಿಗಳಷ್ಟಕ್ಕೇ ಬೆಳಕಿನ ಖರ್ಚು. ಎಲ್‌ಸಿಡಿ ಪರದೆಯಲ್ಲಾದರೆ ಹಿಂದಿನ ದೀಪ ಉರಿಯಲೇಬೇಕು, ಅದಕ್ಕೇ ಅಂಥ ಫೋನುಗಳಲ್ಲಿ ಈ ಸೌಲಭ್ಯ ಅಪರೂಪ. ಆದರೆ ಚುಕ್ಕೆಗಳಷ್ಟೇ ಅಲ್ಲ, ಅವನ್ನು ನಡೆಸುವ ಚಿಪ್ ಕೂಡ ಎಚ್ಚರವಿರಬೇಕು. ದುಬಾರಿ ಫೋನುಗಳ ಪರದೆ ಸೆಕೆಂಡಿಗೆ ಒಂದೇ ಸಲ ಹೊಸದಾಗಿ ಮೂಡುವಷ್ಟು ನಿಧಾನಿಸಬಲ್ಲದು, ಹಾಗಾಗಿ ಅಲ್ಲಿ ಖರ್ಚು ಕಡಿಮೆ. ಗಡಿಯಾರದ ಜೊತೆಗೆ ಇಡೀ ವಾಲ್‌ಪೇಪರನ್ನೂ ತೋರಿಸಿದರೆ ಖರ್ಚು ಏರುತ್ತದೆ.

ಸಾಮಾನ್ಯವಾಗಿ ಗಂಟೆಗೆ ಶೇ. 1ರ ಆಸುಪಾಸು ಹೋಗುತ್ತದೆ ಎಂದಿಟ್ಟುಕೊಳ್ಳಬಹುದು. ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಏಳು ಗಂಟೆ. 5000 ಎಂಎಎಚ್ ಬ್ಯಾಟರಿಯಲ್ಲಿ ಅದು ಸುಮಾರು 350 ಎಂಎಎಚ್ ಆಯಿತು, ಅದೂ ಯಾರೂ ನೋಡದ ಗಡಿಯಾರಕ್ಕೆ. ನಿಮ್ಮ ಫೋನಿನ ನಿಜವಾದ ಲೆಕ್ಕ ಬೇಕಿದ್ದರೆ ಎರಡು ರಾತ್ರಿ ಸಾಕು. ಏರೋಪ್ಲೇನ್ ಮೋಡ್ ಹಾಕಿ, ಚಾರ್ಜರ್ ತೆಗೆದು, ಪರದೆ ಮೇಲ್ಮುಖವಾಗಿರುವಂತೆ ಇಡಿ. ಒಂದು ರಾತ್ರಿ ಡಿಸ್‌ಪ್ಲೇ ಆನ್, ಮರುರಾತ್ರಿ ಆಫ್. ಒಮ್ಮೆ ಶೇ. 9 ಇಳಿದು ಇನ್ನೊಮ್ಮೆ ಶೇ. 2 ಇಳಿದರೆ, ನಡುವಿನ ಶೇ. 7 ಆ ಗಡಿಯಾರದ ಪಾಲು. ಬೋರಲು ಹಾಕಿದರೆ ಎಷ್ಟೋ ಫೋನುಗಳು ಪರದೆಯನ್ನು ತಾವೇ ಆರಿಸಿಬಿಡುತ್ತವೆ, ಆಗ ಪರೀಕ್ಷೆ ಕೆಡುತ್ತದೆ.

ಹಳೆಯ ಫೋನುಗಳ ಮೂಲೆಯಲ್ಲಿ ಮಿನುಗುತ್ತಿದ್ದ ನೋಟಿಫಿಕೇಶನ್ ದೀಪಕ್ಕೆ ಬೇಕಿದ್ದ ಕರೆಂಟ್ ತೀರಾ ಅಲ್ಪ. ಅದರಿಂದ ಬ್ಯಾಟರಿ ಖಾಲಿಯಾಯಿತೆಂದು ಚಿಂತಿಸಬೇಕಾಗಿರಲಿಲ್ಲ.

ಇನ್ನು ನಿದ್ದೆಯ ವಿಚಾರ. ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಬೆಳಕು ಬಿದ್ದರೆ ತಗ್ಗುತ್ತದೆ, ಅದರಲ್ಲೂ ನೀಲಿ ಬೆಳಕಿಗೆ. ಮಲಗುವ ಕೋಣೆಯಲ್ಲಿ ಕಣ್ಣಿಗೆ ಬೀಳುವ ಇಂಥ ಬೆಳಕು 1 ಲಕ್ಸ್ ದಾಟದಿರಲಿ ಎಂಬುದು ಈ ಕ್ಷೇತ್ರದ ವಿಜ್ಞಾನಿಗಳು 2022ರಲ್ಲಿ ಒಟ್ಟಾಗಿ ಕೊಟ್ಟ ಸಲಹೆ. ಅರ್ಧ ಮೀಟರ್ ದೂರದ ಮಂದ ಗಡಿಯಾರದಿಂದ ಕಣ್ಣಿಗೆ ಬರುವುದು ಲಕ್ಸಿನ ಹತ್ತನೇ ಒಂದು ಭಾಗದಷ್ಟು. ಮುಚ್ಚಿದ ರೆಪ್ಪೆ ಅದನ್ನೂ ಬಹಳಷ್ಟು ತಡೆಯುತ್ತದೆ. ಅಂದರೆ ಸ್ಥಿರವಾಗಿರುವ ಆ ಮಂದ ಬೆಳಕು ನಿದ್ದೆಯನ್ನು ಹಾಳುಮಾಡುತ್ತದೆ ಎನ್ನಲು ಆಧಾರವಿಲ್ಲ.

ಕೆಡಿಸುವುದು ಬೇರೆ ಎರಡು. ಮೊದಲನೆಯದು, ಮೆಸೇಜ್ ಬಂದಾಗ ಇಡೀ ಪರದೆ ಒಮ್ಮೆಲೇ ಹೊತ್ತಿಕೊಳ್ಳುವುದು. ಆಗ ಅಷ್ಟೇ ದೂರದಲ್ಲಿ ಮೂರು-ನಾಲ್ಕು ಲಕ್ಸ್ ಸುಲಭವಾಗಿ ಬೀಳುತ್ತದೆ, ಅದೂ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ. ಇನ್ನು ಕೆಲವರ ಫೋನಿನಲ್ಲಿ ಪ್ರತಿ ಮೆಸೇಜಿಗೂ ಕ್ಯಾಮೆರಾದ ಫ್ಲ್ಯಾಷ್ ಮಿಂಚುತ್ತದೆ. ಕಿವಿ ಸರಿಯಾಗಿ ಕೇಳದವರಿಗಾಗಿ ಇರುವ ಸೌಲಭ್ಯವದು. ಫ್ಲ್ಯಾಷ್ ಹಿಂಬದಿಯಲ್ಲಿರುವುದರಿಂದ ಫೋನನ್ನು ಬೋರಲು ಹಾಕಿದರೆ ಮಿಂಚು ನೇರ ಮುಖಕ್ಕೇ ಬರುತ್ತದೆ. Accessibility ಪಟ್ಟಿಗೆ ಹೋಗಿ ಅದನ್ನು ಆರಿಸಿಬಿಡಿ.

ಎರಡನೆಯದು ಗಂಟೆ ನೋಡುವ ಚಟ. ನಡುರಾತ್ರಿ ಎಚ್ಚರವಾದಾಗ ಕಣ್ಣೆದುರೇ 2:40 ಎಂದು ಕಂಡರೆ, ಏಳಲು ಇನ್ನೆಷ್ಟು ಹೊತ್ತಿದೆ ಎಂಬ ಲೆಕ್ಕ ಶುರುವಾಗುತ್ತದೆ, ನಿದ್ದೆ ಹಾರುತ್ತದೆ. ನಿದ್ರಾಹೀನತೆಗೆ ಚಿಕಿತ್ಸೆ ಕೊಡುವವರು ಗಡಿಯಾರವನ್ನು ಕಣ್ಣಿಗೆ ಕಾಣದಂತೆ ಇಡಿ ಎನ್ನುವುದು ಇದಕ್ಕೇ. ನನ್ನ ಮಟ್ಟಿಗೆ, ರಾತ್ರಿ ಈ ಡಿಸ್‌ಪ್ಲೇ ಬೇಡ ಎನ್ನಲು ಬ್ಯಾಟರಿಗಿಂತ ದೊಡ್ಡ ಕಾರಣ ಇದೇ.

ಪೂರ್ತಿ ಬಿಟ್ಟುಬಿಡಬೇಕೆಂದೇನಿಲ್ಲ. ಸ್ಯಾಮ್‌ಸಂಗ್ ಫೋನಿನ ಲಾಕ್ ಸ್ಕ್ರೀನ್ ಸೆಟ್ಟಿಂಗಿನಲ್ಲಿ Always On Display ಒತ್ತಿದರೆ, ಮುಟ್ಟಿದಾಗ ಕೆಲವೇ ಸೆಕೆಂಡು ತೋರಿಸುವ Tap to show, ಹೊತ್ತು ಗೊತ್ತುಮಾಡುವ As scheduled ಎಂಬ ಆಯ್ಕೆಗಳು ಸಿಗುತ್ತವೆ. ಎರಡನೆಯದರಲ್ಲಿ ಬೆಳಗ್ಗೆ 7ರಿಂದ ರಾತ್ರಿ 10 ಎಂದು ಇಟ್ಟರೆ ಹಗಲಿಗೆ ಅನುಕೂಲ, ರಾತ್ರಿಗೆ ಕತ್ತಲು. ಐಫೋನಿನಲ್ಲಿ Sleep Focus ಹಾಕಿದರೆ ಪರದೆ ತಾನೇ ಆರುತ್ತದೆ. ಮೆಸೇಜಿಗೆ ಪರದೆ ಹೊತ್ತಿಕೊಳ್ಳದಿರಲು ರಾತ್ರಿಯ ಹೊತ್ತಿಗೆ Do Not Disturb ಬೇಕು; ಮನೆಯವರ ಕರೆಗಳಿಗೆ ಅದರಲ್ಲೇ ವಿನಾಯಿತಿ ಕೊಡಬಹುದು. ಈ ಹೊತ್ತು ಗೊತ್ತುಮಾಡುವ ಕೆಲಸವನ್ನು ಇವತ್ತು ಮಲಗುವ ಮುಂಚೆಯೇ ಮಾಡಿ, ಮನೆಯ ಹಿರಿಯರ ಫೋನಿನಲ್ಲೂ ನೀವೇ ಮಾಡಿಕೊಡಿ.